ಹೆಬ್ಬೆರಳ ಕೆಳಗಿನ ಸಾಲು

ನ್ಯಾಮತಿಯ ಪಿಯು ಕಾಲೇಜಿನಲ್ಲಿ ನಾನು ಗಣಿತದ ಮೇಷ್ಟ್ರು. ಗೈಡಿನಿಂದ ಎ, ಬಿ ಎಂಬ ಎರಡು ಮ್ಯಾಟ್ರಿಕ್ಸ್‌ಗಳ ಫೋಟೊ ತೆಗೆದು, ಎಬಿ ಗುಣಲಬ್ಧ ಕೇಳಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಎಲ್ಲರೂ ಒಂದೇ ಉತ್ತರ ಕಳಿಸಿದರು. ಮೇಘಶ್ರೀ ಮಾತ್ರ ‘ಗುಣಿಸಲು ಬರುವುದಿಲ್ಲ’ ಎಂದು ಬರೆದಿದ್ದಳು.

“ಎಲ್ಲರಿಗೂ ಬಂದದ್ದು ನಿನಗ್ಯಾಕೆ ಬರಲ್ಲ?” ಕ್ಲಾಸಿನಲ್ಲಿ ಮುಖ ಕಿವುಚಿದೆ.

“ಎ ಒಳಗೆ ಮೂರು ಕಂಬಸಾಲು ಐತೆ ಸಾರ್, ಬಿ ಒಳಗೆ ಎರಡೇ ಅಡ್ಡಸಾಲು. ಎರಡೂ ಸಮ ಇಲ್ದೆ ಹೆಂಗೆ ಗುಣಿಸಾಕೆ ಬರ್ತೈತೆ?”

“ಹಂಗಾದ್ರೆ ತಿರುಗಿಸಿ ಗುಣಿಸು.”

“ಬಿಎ ಆಗ್ತೈತೆ ಸಾರ್. ಆದ್ರೆ ನೀವು ಕೇಳಿದ್ದು ಎಬಿ.”

ಸಿಟ್ಟಿನಲ್ಲಿ ಫೋಟೊ ಹಿಗ್ಗಿಸಿ ನೋಡಿದೆ. ಬಿಯ ಮೂರನೇ ಅಡ್ಡಸಾಲಿನ ಮೇಲೆ ನನ್ನದೇ ಹೆಬ್ಬೆರಳು ಕೂತಿತ್ತು. ಉಳಿದವರ ಉತ್ತರವೋ, ಗೈಡಿನಲ್ಲಿದ್ದಂತೆಯೇ ಸರಿಯಾಗಿತ್ತು.

“ಥೂ!” ಎಂದೆ. “ನನ್ನ ಹೆಬ್ಬೆರಳ ಕೆಳಗಿದ್ದುದನ್ನ ಹೆಂಗ್ರೋ ಗುಣಿಸಿದ್ರಿ?”