ಕಂಬದ ನೆರಳಿನ ಸಾಲು

ರಾಯಚೂರು ಕಡೆಯ ಒಂದು ಊರಿಗೆ ಹೊಸ ಬಸ್ ನಿಲ್ದಾಣ ಬರಲಿದೆ. ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು, ವಿಜಯನಗರದ ಈ ಆಫೀಸಿನಲ್ಲಿ, ನನ್ನ ಕೆಲಸ. ಆರ್ಕಿಟೆಕ್ಟ್ ಗಿರಿರಾಜ್ ಸಾರ್‌ಗೆ ಈ ಸಲ ನೀಲಿ ಆಕಾಶ, ಹಸಿರು ಹುಲ್ಲು ಬೇಡವಂತೆ. ಏಪ್ರಿಲ್ ಮಧ್ಯಾಹ್ನದ ನಿಜವಾದ ಬಿಸಿಲೇ ಬೇಕಂತೆ.

ಆ ಬಿಸಿಲು ನನಗೆ ಗೊತ್ತು, ನಮ್ಮೂರದ್ದೇ. ಆಕಾಶದ ನೀಲಿ ತೆಗೆದು ಬಿಳಚು ಮಾಡಿದೆ. ದೂರದ ನೀರಿನ ಟ್ಯಾಂಕನ್ನು ಧೂಳಿನ ಮಬ್ಬಿನಲ್ಲಿ ಅರ್ಧ ಅಳಿಸಿದೆ. ಸೂರ್ಯನನ್ನು ಪಶ್ಚಿಮಕ್ಕೆ ಸರಿಸಿದೊಡನೆ ಮುಂಭಾಗದ ಗೋಡೆ ಕಣ್ಣು ಕುಕ್ಕುವಂತೆ ಉರಿಯಿತು. ಸಜ್ಜಾದ ನೆರಳು ಬಾಗಿಲಿನ ತಲೆಯವರೆಗೂ ಇಳಿಯಲಿಲ್ಲ. ಕೊನೆಗೆ ಬಸ್ಸಿಗೆ ಕಾಯುವ ಜನರನ್ನು ಇಟ್ಟೆ.

ಸಾರ್ ಬಂದು ನೋಡಿದರು. "ಏನ್ ಶಿಲ್ಪಾ, ಎಲ್ರೂ ಅಂಗಳದಲ್ಲಿ ಒಂದೇ ಸಾಲಲ್ಲಿ ನಿಂತಿದ್ದಾರೆ? ಇದೇನು ರೇಷನ್ ಅಂಗಡೀನಾ?"

"ಅದು ನಿಲ್ದಾಣದ ಹೆಸರಿನ ಬೋರ್ಡಿನ ಕಂಬದ ನೆರಳು ಸಾರ್. ಅಲ್ಲಿ ಬಿಟ್ರೆ ಅಂಗಳದಲ್ಲಿ ಬೇರೆಲ್ಲೂ ನೆರಳೇ ಇಲ್ಲ."

ಅವರು ಪರದೆಯ ಹತ್ತಿರ ಬಗ್ಗಿ ನೋಡಿದರು. ಈಗ ಸಜ್ಜಾ ಉದ್ದ ಮಾಡಲು ಹೇಳುತ್ತಾರೆ ಅಂದುಕೊಂಡೆ.

"ಆ ಕಂಬ ತೆಗೆದ್ಬಿಡು," ಎಂದರು.

ತೆಗೆದೆ. ನೆರಳು ಹೋಯಿತು. ಜನ ಮಾತ್ರ ಬಿಸಿಲಿನಲ್ಲಿ ಹಾಗೇ ಸಾಲಾಗಿ ನಿಂತಿದ್ದರು.