ರಫ್ ಅಂಚಿನ ಒಂದೂವರೆ

ಗಣಿತದ ಮೇಡಂ ಮತ್ತೊಮ್ಮೆ ಕೂಡಿದರು. ಮೂವತ್ತಮೂರು. ಮೇಲಿನಿಂದ ಕೆಳಗೆ ಕೂಡಿದರೂ ಅಷ್ಟೇ, ಕೆಳಗಿನಿಂದ ಮೇಲಕ್ಕೆ ಕೂಡಿದರೂ ಅಷ್ಟೇ. ಪಾಸಾಗಲು ಮೂವತ್ತೈದು ಬೇಕು.

ಪರೀಕ್ಷೆಯ ಪೇಪರ್ ತಿದ್ದಲು ಅವರು ಬಂದದ್ದು ಇದೇ ಮೊದಲ ಸಲ. ದೊಡ್ಡ ಶಾಲೆಯೊಂದರ ಸಭಾಂಗಣದಲ್ಲಿ ನಲವತ್ತು ಮೇಜು, ಮೇಜಿಗೆ ಐದಾರು ಶಿಕ್ಷಕರು, ಅವರ ತಲೆಯ ಮೇಲೊಬ್ಬ ಹಿರಿಯರು. ಮೊಬೈಲುಗಳೆಲ್ಲ ಬಾಗಿಲಲ್ಲೇ ಜಮಾ. ಮನೆಯಲ್ಲಿ ಮಗಳು ಉಂಡಳೋ ಬಿಟ್ಟಳೋ ಎಂದು ಕೇಳುವುದಕ್ಕೂ ಸಂಜೆಯಾಗಬೇಕು. ತಿದ್ದುವ ಪೇಪರಿಗೆ ಹೆಸರಿಲ್ಲ, ನೋಂದಣಿ ಸಂಖ್ಯೆ ಕಾಣುವುದಿಲ್ಲ. ಅದರ ಮೇಲೆ ಕೋಡಿನ ಚೀಟಿ ಅಂಟಿರುತ್ತದೆ. ಯಾರ ಮನೆಯ ಕೂಸೋ, ಅಕ್ಷರವೊಂದೇ ಗುರುತು.

ಈ ಕೂಸಿನ ಅಕ್ಷರ ಗುಂಡಗೆ, ಅಳುಕುತ್ತ ಬರೆದಂತೆ ಇತ್ತು. ಅರ್ಧ ಪ್ರಶ್ನೆಗಳಲ್ಲಿ ಎಡವಿತ್ತು. ಎರಡು ಸಮೀಕರಣಗಳ ನಕ್ಷೆ ಬಿಡಿಸಿ ಉತ್ತರ ಕಂಡುಹಿಡಿಯುವ ನಾಲ್ಕು ಅಂಕದ ಪ್ರಶ್ನೆಯ ಮುಂದೆ ಮಾತ್ರ, 'ಗ್ರಾಫ್ ಹಾಳೆ ನೋಡಿ' ಎಂದು ಗಟ್ಟಿಯಾಗಿ ಬರೆದಿತ್ತು. ಮೇಡಂ ನೋಡಿದರು. ಕೊನೆಯಲ್ಲಿ ಒಂದು ಹೆಚ್ಚುವರಿ ಹಾಳೆ ದಾರದಲ್ಲಿ ಕಟ್ಟಿತ್ತು. ಗ್ರಾಫ್ ಹಾಳೆ ಇರಲಿಲ್ಲ.

"ಇಲ್ಲ ಅಂದ್ರೆ ಇಲ್ಲ, ಸೊನ್ನೆ ಸುತ್ತಿ ಮುಂದೆ ಹೋಗಿ ಅಕ್ಕ," ಎಂದರು ಪಕ್ಕದ ಕನ್ನಡಕದ ಮೇಷ್ಟ್ರು, ತಮ್ಮ ಪೇಪರಿನಿಂದ ತಲೆಯೆತ್ತದೆ. "ನೋಡಿ ಅಂತ ಬರೆದವರ ಹಾಳೆಯೆಲ್ಲ ಹುಡುಕ್ತಾ ಕೂತ್ರೆ ನಮಗೆ ಮುಂದಿನ ಪರೀಕ್ಷೆನೇ ಬಂದ್ಬಿಡುತ್ತೆ."

ಮೇಡಂ ಪೆನ್ನು ಊರಿದರು. ಸೊನ್ನೆ ಸುತ್ತಲು ಕೈ ಬರಲಿಲ್ಲ. ಪುಟದ ಬಲಗಡೆ, ರಫ್ ಕೆಲಸಕ್ಕೆಂದು ಗೆರೆ ಎಳೆದು ಬಿಟ್ಟ ಅಂಚಿನಲ್ಲಿ, ಪೆನ್ಸಿಲಿನ ಸಣ್ಣ ಅಂಕಿಗಳಿದ್ದವು. x ಅರ್ಧವಾದರೆ y ಏಳು. ಒಂದೂವರೆಯಾದರೆ ಐದು. ಎರಡೂವರೆಯಾದರೆ ಮೂರು.

ಎಲ್ಲ ಮಕ್ಕಳೂ ಸೊನ್ನೆ, ಒಂದು, ಎರಡು ಎಂದು ಬೆಲೆ ತೆಗೆದುಕೊಳ್ಳುತ್ತವೆ. ಇದೊಂದು ಪ್ರಾಣಿ ಅರ್ಧದ ದಾರಿ ಹಿಡಿದಿದೆ. ಹಾಗೆಂದು ತಪ್ಪಿಲ್ಲ. ಒಂದೊಂದೂ ಸರಿ.

ಅವರು ಪೇಪರ್ ಎತ್ತಿಕೊಂಡು ಮೇಜಿನ ತುದಿಗೆ ಹೋದರು. ಅಲ್ಲಿನ ಹಿರಿಯರನ್ನು ಎಲ್ಲರೂ ಬೆನ್ನ ಹಿಂದೆ 'ದಾರದ ಮೇಷ್ಟ್ರು' ಎನ್ನುತ್ತಿದ್ದರು. ಯಾವ ಪೇಪರ್ ಕೊಟ್ಟರೂ ಅವರು ಮೊದಲು ನೋಡುವುದು ಉತ್ತರವನ್ನಲ್ಲ, ಕಟ್ಟಿದ ದಾರವನ್ನು.

"ಸರ್, ಗ್ರಾಫ್ ಇಲ್ಲ. ಆದ್ರೆ ರಫ್‌ನಲ್ಲಿ ಬೆಲೆಗಳೆಲ್ಲ ಸರಿ ಇವೆ. ಇದಕ್ಕೇ ಎರಡು ಅಂಕ ಕೊಡಬಹುದಾ? ಎರಡು ಸಿಕ್ಕರೆ ಪಾಸು."

"ರಫ್‌ಗೆ ಅಂಕ ಇಲ್ಲ ತಾಯಿ. ಅದು ಮಗು ತನ್ನ ಜೊತೆ ತಾನೇ ಮಾತಾಡಿಕೊಂಡಿದ್ದು, ನಮಗೆ ಹೇಳಿದ್ದಲ್ಲ." ಅವರ ಧ್ವನಿ ಮೆತ್ತಗಿತ್ತು. "ಇವತ್ತು ಇದಕ್ಕೆ ಕೊಟ್ರೆ, ನಿಯಮ ಪಾಲಿಸಿ ರಫ್‌ನೆಲ್ಲ ಹೊಡೆದು ಹಾಕಿದ ಮಕ್ಕಳಿಗೆ ನಾಳೆ ಏನು ಹೇಳ್ತೀರಿ? ಮುಖಪುಟ ನೋಡಿದ್ರಾ?"

ಮೇಡಂ ನೋಡಿರಲಿಲ್ಲ. ಮೊದಲ ದಿನ ಪ್ರತಿಯೊಂದರದ್ದೂ ನೋಡಿದ್ದರು. ಮೂರನೆಯ ದಿನದ ಹೊತ್ತಿಗೆ ಕೈ ಪಳಗಿ, ಕಣ್ಣು ಸೋಮಾರಿಯಾಗಿತ್ತು.

ಮೇಷ್ಟ್ರು ಪೇಪರ್ ಮಗುಚಿ ಬೆರಳಿಟ್ಟು ತೋರಿಸಿದರು. ಹೆಚ್ಚುವರಿ ಹಾಳೆ: ಒಂದು. ಗ್ರಾಫ್ ಹಾಳೆ: ಒಂದು. ಎರಡರ ಮುಂದೆಯೂ ಆಯಾ ಹಾಳೆಯ ಮೇಲೆ ಅಚ್ಚಾದ ಕ್ರಮಸಂಖ್ಯೆ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಸಹಿ. "ಮಗು ಕೇಳಿದೆ, ಇವರು ಕೊಟ್ಟಿದ್ದಾರೆ, ಬರೆದುಕೊಂಡಿದ್ದಾರೆ. ಕೊಟ್ಟ ಹಾಳೆ ಗಾಳಿಗೆ ಕರಗಲ್ಲ. ಮುಖಪುಟದ ಲೆಕ್ಕಕ್ಕೂ ದಾರದ ಲೆಕ್ಕಕ್ಕೂ ತಾಳೆ ಆಗೋವರೆಗೆ ನೀವು ಅಂಕ ಹಾಕೋ ಹಾಗೇ ಇಲ್ಲ. ಸೊನ್ನೆನೂ ಹಾಕೋ ಹಾಗಿಲ್ಲ."

ಮೇಡಂ ಪುಟ ತಿರುವಿ ರಫ್ ಅಂಚಿನ ಅಂಕಿಗಳನ್ನು ಮತ್ತೆ ಓದಿದರು. ಒಂದೂವರೆ, ಐದು. ಈ ಬಿಂದುವನ್ನು ಅವರು ಬೆಳಿಗ್ಗೆ ನೋಡಿದ್ದರು. ನೋಡಿ, ಅಡ್ಡ ಗೆರೆ ಎಳೆದಿದ್ದರು.

"ಸರ್, ತಪ್ಪು ನನ್ನದು. ಇದೇ ಕಟ್ಟಿನಲ್ಲಿ ಒಂದು ಪೇಪರಿಗೆ ಎರಡು ಗ್ರಾಫ್ ಇತ್ತು. ಒಂದೇ ಉತ್ತರ ಎರಡು ಸಲ ಬರೆದಿದೆ ಅಂದ್ಕೊಂಡು, ಒಂದಕ್ಕೆ ಅಂಕ ಕೊಟ್ಟು ಇನ್ನೊಂದನ್ನ ಹೊಡೆದು ಹಾಕಿದೆ."

ಕನ್ನಡಕದ ಮೇಷ್ಟ್ರು ಈಗ ತಲೆಯೆತ್ತಿದರು.

"ಕಟ್ಟು ಇನ್ನೂ ನಮ್ಮ ಮೇಜಿನಲ್ಲೇ ಇದೆ ತಾನೆ? ತನ್ನಿ," ಎಂದರು ದಾರದ ಮೇಷ್ಟ್ರು. ಬೈಯಲಿಲ್ಲ.

ಆ ಪೇಪರಿನ ಮುಖಪುಟದಲ್ಲಿ ಗ್ರಾಫ್ ಹಾಳೆ ಒಂದೇ ಎಂದಿತ್ತು. ದಾರದಲ್ಲಿ ಎರಡು. ಮೇಡಂ ಹೊಡೆದು ಹಾಕಿದ ಹಾಳೆಯ ಮೂಲೆಯ ಕ್ರಮಸಂಖ್ಯೆಯನ್ನು ಮೇಷ್ಟ್ರು ಒಂದೊಂದೇ ಅಂಕಿಯಾಗಿ ಓದಿದರು. ಮೇಡಂ ಅರ್ಧದ ಕೂಸಿನ ಮುಖಪುಟದ ಮೇಲೆ ಬೆರಳಾಡಿಸುತ್ತ ಹೋಲಿಸುತ್ತ ಹೋದರು. ಏಳಕ್ಕೆ ಏಳು ಅಂಕಿಯೂ ತಾಳೆಯಾಯಿತು.

"ಗಂಟೆ ಹೊಡೆದ ಗಡಿಬಿಡೀಲಿ ಹಾಳೆ ಪಕ್ಕದ ಡೆಸ್ಕಿಗೆ ಜಾರಿರುತ್ತೆ. ಯಾರೋ ಅದನ್ನ ಆ ಪೇಪರಿಗೇ ಕಟ್ಟಿದ್ದಾರೆ. ಕೋಡ್ ಅಂಟಿಸೋರೂ ಮೇಲಿನದನ್ನ ನೋಡಿ ಒಳಗಿನದಕ್ಕೂ ಅದನ್ನೇ ಅಂಟಿಸಿದ್ದಾರೆ," ಎಂದರು ಮೇಷ್ಟ್ರು.

"ಹಾಗಾದ್ರೆ ಬಿಚ್ಚಿ ಇದಕ್ಕೆ ಕಟ್ಟಿಬಿಡಲಾ?"

"ಅಯ್ಯೋ, ಬೇಡ. ನಾನೂ ಬಿಚ್ಚೋ ಹಾಗಿಲ್ಲ. ನಮಗೆ ಗೊತ್ತಿರೋದು ಹಾಳೆ ಕೊಟ್ಟಿದ್ದು ಯಾರಿಗೆ ಅಂತ. ಚೀಟಿ ಕೆಳಗೆ ಬರೆದಿರೋ ನೋಂದಣಿ ಸಂಖ್ಯೆ ಯಾರದು ಅಂತ ನೋಡೋ ಅಧಿಕಾರ ಕೋಡಿಂಗ್ ಕೋಣೆಯವರಿಗೆ ಮಾತ್ರ."

ಮೇಷ್ಟ್ರು ವರದಿ ಬರೆದರು, ಮೇಡಂ ಕೆಳಗೆ ಸಹಿ ಹಾಕಿದರು. 'ಕಣ್ತಪ್ಪಿನಿಂದ ಹೊಡೆದು ಹಾಕಿದ್ದೇನೆ' ಎಂಬ ಸಾಲನ್ನು ಅವರೇ ಸೇರಿಸಿದರು. ಕೇಂದ್ರದ ಅಧಿಕಾರಿ ಎರಡೂ ಪೇಪರುಗಳನ್ನು ಲಕೋಟೆಗೆ ಹಾಕಿ, ಮೊಹರು ಒತ್ತಿ, ಮಹಡಿಯ ಕೋಡಿಂಗ್ ಕೋಣೆಗೆ ಕಳಿಸಿದರು.

ಮುಂದಿನ ಒಂದು ಗಂಟೆಯಲ್ಲಿ ಮೇಡಂ ಒಂದು ಪುಟವನ್ನೂ ತಿದ್ದಲಿಲ್ಲ. ಅನ್ನಕ್ಕಿಟ್ಟು ಸೀಟಿ ಎಣಿಸುವವರ ಹಾಗೆ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತರು. ಮಗು ಹಾಳೆಯ ಮೇಲೆ ಸಂಖ್ಯೆಯನ್ನೇ ಬರೆಯದೆ ಬಿಟ್ಟಿದ್ದರೆ? ಪಕ್ಕದ ಮಗುವೇ ಎರಡನ್ನೂ ಬರೆದದ್ದೆಂದು ಹೇಳಿಬಿಟ್ಟರೆ?

"ನೀರು ಕುಡೀರಿ ಅಕ್ಕ," ಎಂದು ಕನ್ನಡಕದ ಮೇಷ್ಟ್ರು ಲೋಟ ಸರಿಸಿದರು. ಸ್ವಲ್ಪ ಹೊತ್ತಾದ ಮೇಲೆ ತಾವು ತಿದ್ದಿ ಮುಗಿಸಿದ ರಾಶಿಯನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಮುಖಪುಟ ತಿರುವತೊಡಗಿದರು.

ಲಕೋಟೆ ಬಂತು. ಚೀಟಿ ಎತ್ತಿ ನೋಡಲಾಗಿದೆ, ನೋಂದಣಿ ಸಂಖ್ಯೆ ತಾಳೆಯಾಗಿದೆ, ಸರಿಯಾದ ಕೋಡ್ ಅಂಟಿಸಲಾಗಿದೆ ಎಂದು ಎರಡು ಸಹಿ. ಹಾಳೆ ತನ್ನ ಪೇಪರಿನ ದಾರದಲ್ಲಿ ಕೂತಿತ್ತು.

ಮೇಡಂ ಅದನ್ನು ಈಗ ಮೊದಲ ಸಲ ನೋಡುವವರಂತೆ ನೋಡಿದರು. ಮೂಲೆಯಲ್ಲಿ ಬೆಲೆಗಳ ಪಟ್ಟಿ, ಅಳುಕಿಲ್ಲದ ಅಕ್ಷರದಲ್ಲಿ. ಬಿಂದುಗಳೆಲ್ಲ ದೊಡ್ಡ ಚೌಕಗಳ ಬದಿಗಳ ನಟ್ಟನಡುವೆ ಕೂತಿದ್ದವು. ಎಲ್ಲರೂ ಗೆರೆಗಳು ಸೇರುವ ಮೂಲೆಗಳಲ್ಲಿ ನಡೆದರೆ, ಈ ಕೂಸು ಯಾರೂ ನಿಲ್ಲದ ನಡುದಾರಿಗಳಲ್ಲಿ ಹೆಜ್ಜೆಯಿಟ್ಟು ಹೋಗಿತ್ತು. ಒಂದು ರೇಖೆ ಮೇಲಿನಿಂದ ಇಳಿದಿತ್ತು, ಇನ್ನೊಂದು ಕೆಳಗಿನಿಂದ ಹತ್ತಿತ್ತು. ಕೂದಲೆಳೆಯಷ್ಟು ತೆಳು. ಪಟ್ಟಿಯಲ್ಲಿ x ಬೆಲೆಗೆ ಪೂರ್ಣಸಂಖ್ಯೆ ತೆಗೆದುಕೊಳ್ಳದ ಮಗುವಿನ ಎರಡು ರೇಖೆಗಳೂ ಬಂದು ಕೂಡಿದ್ದು ಮಾತ್ರ ಸರಿಯಾಗಿ ಮೂರು, ಎರಡರಲ್ಲಿ. ಆ ಬಿಂದುವಿನಲ್ಲಿ ಪೆನ್ಸಿಲನ್ನು ಎಷ್ಟು ಒತ್ತಿತ್ತೆಂದರೆ, ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ರಾಗಿಕಾಳಿನಷ್ಟು ಉಬ್ಬು ಕೈಗೆ ಸಿಕ್ಕಿತು. ಇದೇ ರೇಖೆಗಳ ಮೇಲೆ ಮೇಡಂ ಎಳೆದ ಕೆಂಪು ಗೆರೆ ಬೆಳಿಗ್ಗೆ ಹಾದುಹೋಗಿದೆ.

ಗೆರೆ ರದ್ದು ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರು ಪಕ್ಕದಲ್ಲಿ ಸಹಿ ಮಾಡಿದರು.

"ಎಷ್ಟು?" ಎಂದು ಕೇಳಿದರು ಮೇಷ್ಟ್ರು.

"ಬೆಲೆಗಳಿಗೆ ಎರಡು, ರೇಖೆಗೆ ಒಂದು, ಉತ್ತರಕ್ಕೆ ಒಂದು. ಕಳೆಯೋದಕ್ಕೆ ಜಾಗವೇ ಇಲ್ಲ ಸರ್."

ರಫ್ ಅಂಚಿಗೆ ಏನೂ ಹಾಕಲಿಲ್ಲ. ಮುಖಪುಟದಲ್ಲಿ ಮೊತ್ತವನ್ನು ಅಂಕಿಯಲ್ಲಿ ಬರೆದು, ಅಕ್ಷರದ ಜಾಗದಲ್ಲಿ 'ಮೂವತ್ತೇಳು' ಎಂದು, ಶಾಲೆಗೆ ಸೇರಿದ ಮೊದಲ ವರ್ಷ ಕಲಿತಷ್ಟು ಗುಂಡಗೆ ಬರೆದರು.