ಆಡಲೊಲ್ಲದ ಮಗು

ದೆಹಲಿಯ ಆರ್.ಕೆ.ಪುರಂನ ನಮ್ಮ ಸಮುದಾಯ ಭವನದಲ್ಲಿ ಭಾನುವಾರ ಪುಟ್ಟ ಮಕ್ಕಳನ್ನು ಆಡಿಸುವವರು ಹೈಸ್ಕೂಲು ಹುಡುಗ ಹುಡುಗಿಯರು. ಅವರನ್ನು ತಯಾರು ಮಾಡುವವಳು ನಾನು, ಸರಳಾ. ನಮ್ಮೆಜಮಾನರು ಹೋದದ್ದು ಚಳಿಗಾಲದಲ್ಲಿ. ಈಗ ಕೂಲರ್ ಹಾಕುವ ಹೊತ್ತು ಬಂತು. ಸಮಾಧಾನ ಹೇಳಿದವರೇ ಸುಸ್ತಾದರು. ನನಗೆ ಅಳುವೂ ಇಲ್ಲ, ಸುಡುಗಾಡೂ ಇಲ್ಲ. ಕೋಪವೊಂದು ಮಾತ್ರ ರೂಢಿಯಂತೆ ಬರುತ್ತದೆ, ಬೈಯುತ್ತೇನೆ.

ಹೋದ ವಾರ ಹತ್ತನೇ ಕ್ಲಾಸಿನ ಗಗನಾ, ಆಡಲೊಲ್ಲೆ ಎಂದ ಮಗುವಿನ ರಟ್ಟೆ ಹಿಡಿದು ಎಳೆದಳು. ಪೆಟ್ಟಾಗಲಿಲ್ಲ, ಆದರೆ ಮಗು ಹೆದರಿ ಚಡ್ಡಿ ಒದ್ದೆ ಮಾಡಿಕೊಂಡಿತು. ಅವಳನ್ನು ಅಲ್ಲೇ ನಿಲ್ಲಿಸಿದೆ. ಇವತ್ತು, ಶನಿವಾರದ ತರಬೇತಿಯಲ್ಲಿ, ಸರಿಯಾಗಿ ಆಡಿಸಿ ತೋರಿಸಿದರೆ ಸರಿ, ಇಲ್ಲದಿದ್ದರೆ ಮಕ್ಕಳನ್ನು ಅವಳ ಕೈಗೆ ಕೊಡುವುದಿಲ್ಲ.

"ಆಂಟಿ, ಆ ಬಚ್ಚಾ ಸುನ್‌ತಾ ಹೀ ನಹೀ," ಎಂದಳು. ಮಗು ಮಾತೇ ಕೇಳುವುದಿಲ್ಲವಂತೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕೆರೆ-ದಡ ಆಡಿಸು, ನೋಡೋಣ."

ತರಬೇತಿಯಲ್ಲಿ ದೊಡ್ಡವರೇ ಪುಟ್ಟ ಮಕ್ಕಳ ಪಾತ್ರ ಮಾಡಬೇಕು, ಆಡಿಸುವ ನಾಯಕರು ಅವರನ್ನು ಮಗುವಿನಂತೆಯೇ ಮಾತಾಡಿಸಬೇಕು. ಒಬ್ಬ ಜಗಳಗಂಟ, ಒಬ್ಬಳು ಅಳುಬುರುಕಿ. ಆಡಲೊಲ್ಲದ ಮಗುವಿನ ಪಾತ್ರ ಮಾತ್ರ ಯಾರಿಗೂ ಬೇಡ. ಥೂ, ಇವರ ಸೋಮಾರಿತನವೇ ಎಂದು ನಾನೇ ಗೋಡೆಗೊರಗಿ ಕೂತೆ.

ಸೀಮೆಸುಣ್ಣದ ಗೆರೆಯ ಒಳಗೆ ಕೆರೆ, ಹೊರಗೆ ದಡ. ಗಗನಾ ಕೂಗಿದಂತೆ ಎಲ್ಲರೂ ನೆಗೆದರು. ನಾನು ನೆಗೆಯಲಿಲ್ಲ. ಅವಳು ಜೊತೆ ನಾಯಕ ಸುಹಾಸನಿಗೆ ಸನ್ನೆ ಮಾಡಿ ಆಟ ಒಪ್ಪಿಸಿ, ನನ್ನ ಹತ್ತಿರ ಬಂದಳು. ಎದುರಿಗೆ ನಿಲ್ಲದೆ, ಎಲ್ಲರಿಗೂ ಕಾಣುವಂತೆ, ಒಂದು ಮೊಳ ಬಿಟ್ಟು ಕೂತಳು. ಕೈ ತನ್ನ ತೊಡೆಯ ಮೇಲೆಯೇ ಇತ್ತು.

"ಆಡ್ತೀಯಾ?"

ತಲೆಯಾಡಿಸಿದೆ, ಇಲ್ಲವೆಂದು.

"ಚಲೋ, ಗೆರೆ ಯಾರು ತುಳಿದ್ರು ಅಂತ ನೋಡ್ತೀಯಾ? ಇಲ್ಲಾ ಇಲ್ಲೇ ಕೂತಿರ್ತೀಯಾ?"

ಕಲಿಸಿದ್ದಂತೆಯೇ ಎರಡು ದಾರಿ ಕೊಟ್ಟಳು, ಮಗುವಿಗೆ ಎರಡೂ ಸಾಧ್ಯ. ತಾಳ್ಮೆ ನೋಡೋಣವೆಂದು ಸುಮ್ಮನಿದ್ದೆ. ಮೊದಲು ಅವಳ ಕಾಲ್ಬೆರಳು ಚಡಪಡಿಸಿತು, ಆಮೇಲೆ ನಿಂತಿತು. ಈಗ ಉತ್ತರ ಕೊಡೋಣವೆಂದರೆ ನನಗೆ ಬಾಯೇ ಬರಲಿಲ್ಲ. ಇದು ನಟನೆಯಲ್ಲ ಎಂದು ನನಗೆ ಗೊತ್ತಾಯಿತು.

"ಹೇಳೋಕೆ ಇಷ್ಟ ಇಲ್ವಾ? ಅಚ್ಛಾ. ನಾನು ನಿಂಗೆ ಕಾಣೋ ಹಾಗೇ ಇರ್ತೀನಿ. ಕೊನೇಲಿ ತಲೆ ಎಣಿಸುವಾಗ ನಿನ್ನನ್ನೂ ಎಣಿಸ್ತೀನಿ. ಆಡದೇ ಇದ್ರೂ."

ಇದನ್ನು ನಾನು ಕಲಿಸಿರಲಿಲ್ಲ.

ಆಟ ಮುಗಿಯಿತು. ಒಬ್ಬೊಬ್ಬರ ಮುಖ ನೋಡಿ ಎಣಿಸುತ್ತಾ ಬಂದವಳು, ನನ್ನ ಮುಖವನ್ನೂ ನೋಡಿ ಎಣಿಸಿದಳು. ಉಳಿದವರು ಎದ್ದು ಚಪ್ಪಲಿ ಹುಡುಕತೊಡಗಿದರು. ನನಗೆ ಏಳಲಾಗಲಿಲ್ಲ.

"ಆಂಟಿ, ಪಾಸಾ?" ಎಂದಳು ಗಗನಾ.

"ಪಾಸು. ನಾಳೆ ಮಕ್ಕಳು ನಿನ್ನವೇ," ಎಂದೆ. "ಈಗ ಹೋಗು ಕಣೇ. ನಾನು ಇನ್ನೂ ಸ್ವಲ್ಪ ಹೊತ್ತು ಆಡಲ್ಲ."

ಅವಳು ಹೋಗಲಿಲ್ಲ. ಒಂದು ಮೊಳ ಬಿಟ್ಟು ಮತ್ತೆ ಕೂತಳು.